ಪಾಳಿಯ ವಾಟ್ಸಾಪ್ ಸಂದೇಶದಿಂದ ದಿನದ ಉತ್ಪಾದನಾ ವರದಿ: ಕಾಫಿ ಕ್ಯೂರಿಂಗ್ ಘಟಕದವರಿಗೊಂದು ಮಾರ್ಗದರ್ಶಿ

ಕುಶಾಲನಗರದ ಸುತ್ತಮುತ್ತಲಿನ ಕ್ಯೂರಿಂಗ್ ಘಟಕಗಳ ಕಚೇರಿಗೆ ಹೊಸದಾಗಿ ಸೇರಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. 'ಸೂಪರ್‌ವೈಸರ್ ರಾತ್ರಿ ಒಂದು ಗಂಟೆಗೆ ನಾಲ್ಕು ಸಾಲು ಕಳುಹಿಸಿ ಮಲಗುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಮ್ಯಾನೇಜರ್‌ಗೆ ವರದಿ ಬೇಕು. ಆ ನಾಲ್ಕು ಸಾಲನ್ನು ವರದಿ ಮಾಡುವುದು ಹೇಗೆ?' ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ಒಮ್ಮೆಗೇ ಬರೆದಿಡುತ್ತಿದ್ದೇನೆ.

ಹೆಚ್ಚಿನವರು ಇದನ್ನು ಭಾಷೆಯ ಕೆಲಸ ಎಂದುಕೊಳ್ಳುತ್ತಾರೆ. ಸೂಪರ್‌ವೈಸರ್ ಅಡ್ಡಾದಿಡ್ಡಿಯಾಗಿ ಬರೆದದ್ದನ್ನು ನೆಟ್ಟಗೆ ಬರೆದು, ಮೇಲೊಂದು ಶೀರ್ಷಿಕೆ ಹಾಕಿದರೆ ವರದಿಯಾಯಿತು ಎಂಬ ನಂಬಿಕೆ ಇದೆ. ಹಾಗೆ ಮಾಡಿದರೆ ತಪ್ಪು ಲೆಕ್ಕಕ್ಕೆ ಇಸ್ತ್ರಿ ಹಾಕಿ ಕೊಟ್ಟಂತಾಗುತ್ತದೆ. ಕ್ಯೂರಿಂಗ್ ಘಟಕದ ದಿನದ ವರದಿ ಮೊದಲು ತೂಕದ ಲೆಕ್ಕ, ಆಮೇಲೆ ಬರಹ. ಒಳಗೆ ಹೋದ ಕಾಫಿ, ಹೊರಗೆ ಬಂದ ಕಾಫಿ, ಹೊಟ್ಟು ಮತ್ತು ಉಳಿಕೆ ಒಂದಕ್ಕೊಂದು ಕೂಡಿಬರಬೇಕು. ಆ ಕಾಫಿಯಲ್ಲಿ ಬಹುಪಾಲು ಘಟಕದ್ದಲ್ಲ, ತೋಟದವರದ್ದು. ಅವರಿಗೆ ಲಾಟ್‌ವಾರು ಲೆಕ್ಕ ಒಪ್ಪಿಸಬೇಕಾದ ದಿನ ಕಚೇರಿಯಲ್ಲಿ ಮೊದಲು ಹುಡುಕುವುದು ಇದೇ ದಿನದ ವರದಿಯನ್ನು.

ಕ್ಯೂರಿಂಗ್‌ನಲ್ಲಿ ಕೆಲಸ ಹಲವು. ಇಲ್ಲಿ ಹಲ್ಲಿಂಗ್ ವಿಭಾಗವನ್ನಷ್ಟೇ ತೆಗೆದುಕೊಳ್ಳುತ್ತೇನೆ, ಅದರಲ್ಲೂ ರೊಬಸ್ಟಾ ಚೆರಿಯನ್ನು. ಗೊಂದಲ ಹೆಚ್ಚು ಹುಟ್ಟುವುದು ಅಲ್ಲೇ. ಗ್ರೇಡಿಂಗ್, ಕಲರ್ ಸಾರ್ಟರ್, ಗಾರ್ಬ್ಲಿಂಗ್ ವಿಭಾಗಗಳಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಕೆಲವು ಪದಗಳು

ಚೆರಿ ಎಂದರೆ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸಿದ ಕಾಫಿ. ಪಲ್ಪರ್‌ನಲ್ಲಿ ಸಿಪ್ಪೆ ತೆಗೆದು, ತೊಳೆದು ಒಣಗಿಸಿದ್ದು ಪಾರ್ಚ್‌ಮೆಂಟ್. ಒಣ ಚೆರಿಯ ಸಿಪ್ಪೆ ಒಡೆದು ಬೀಜ ಬೇರ್ಪಡಿಸುವ ಯಂತ್ರ ಹಲ್ಲರ್. ಅದರಿಂದ ಬರುವ ಬೀಜ ಕ್ಲೀನ್ ಕಾಫಿ, ಉಳಿಯುವುದು ಹೊಟ್ಟು. ಒಬ್ಬ ಬೆಳೆಗಾರರಿಂದ ಒಮ್ಮೆಗೆ ಬಂದು, ಬೇರೆಯವರದ್ದರೊಂದಿಗೆ ಬೆರೆಯದಂತೆ ಇಟ್ಟ ಸರಕು ಲಾಟ್.

ಔಟ್‌ಟರ್ನ್ ಎಂದರೆ ಹಾಕಿದ ಕಾಫಿಯಲ್ಲಿ ಕ್ಲೀನ್ ಎಷ್ಟು ಬಂತು ಎಂಬ ಲೆಕ್ಕ. ರೊಬಸ್ಟಾ ಚೆರಿಯಲ್ಲಿ ಇದು ಸಾಮಾನ್ಯವಾಗಿ ನೂರಕ್ಕೆ 50 ರಿಂದ 54ರ ಆಸುಪಾಸು ಇರುತ್ತದೆ, ಪಾರ್ಚ್‌ಮೆಂಟ್‌ನಲ್ಲಿ 80ರ ಸುತ್ತ. ತೋಟದವರು ಇದನ್ನೇ ಓಟಿ ಎನ್ನುತ್ತಾರೆ, ಆದರೆ ಅವರ ಲೆಕ್ಕ 50 ಕಿಲೋ ಚೀಲಕ್ಕೆ. ಅವರ 26 ಓಟಿ ನಿಮ್ಮ ಶೇಕಡಾ 52. ಮ್ಯಾನೇಜರ್ ಯಾವುದನ್ನು ಓದುತ್ತಾರೆ ಎಂದು ಮೊದಲ ದಿನವೇ ಕೇಳಿಕೊಂಡು, ವರದಿಯಲ್ಲಿ ಅದೊಂದನ್ನೇ ಬಳಸಿ.

ಏನೇನು ಬೇಕು?

ಸಂದೇಶವೊಂದರಿಂದಲೇ ವರದಿ ಆಗುವುದಿಲ್ಲ. ಬರೆಯಲು ಕೂರುವಾಗ ಇನ್ನು ಮೂರು ದಾಖಲೆ ಕೈಗೆಟಕುವಂತಿರಬೇಕು. ಮೊದಲನೆಯದು ಹಲ್ಲರ್‌ಗೆ ಹೋಗುವ ಚೀಲಗಳ ತೂಕ ಬರೆಯುವ ಕಾಟಾ ಪುಸ್ತಕ. ಎರಡನೆಯದು ತೇವಾಂಶ ಮಾಪಕದ ದಾಖಲೆ. ಮೂರನೆಯದು ಬೆಳಿಗ್ಗೆ ಗೋದಾಮಿನವರು ಕಣ್ಣಾರೆ ಎಣಿಸಿ ಬರೆದ ಉಳಿಕೆ. ಮೂರನ್ನೂ ಸೂಪರ್‌ವೈಸರ್ ಒಬ್ಬರೇ ಬರೆಯುತ್ತಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ. ಉಳಿಕೆಯ ಎಣಿಕೆಯನ್ನಾದರೂ ಬೇರೆಯವರಿಗೆ ವಹಿಸುವಂತೆ ಮ್ಯಾನೇಜರರನ್ನು ಕೇಳಿಕೊಳ್ಳಿ.

ಉದಾಹರಣೆಗೆ ಒಂದು ಘಟಕ ತೆಗೆದುಕೊಳ್ಳೋಣ. ಫೆಬ್ರವರಿ ತಿಂಗಳು, ರೊಬಸ್ಟಾ ಭರದಲ್ಲಿ ಬರುತ್ತಿದೆ. ಹಗಲು ಪಾಳಿ ಬೆಳಿಗ್ಗೆ 8ರಿಂದ ಸಂಜೆ 4.30, ಎರಡನೆಯ ಪಾಳಿ 4.30ರಿಂದ ರಾತ್ರಿ 1. ಎರಡರಲ್ಲೂ ಊಟಕ್ಕೆ ಅರ್ಧ ಗಂಟೆ ಬಿಡುವು. ಬಂದ ಸಂದೇಶಗಳು ಇವು.

13ನೇ ತಾರೀಕು, ಸಂಜೆ 4.40: 'ಸರ್, ಹಗಲು ಪಾಳಿ ಮುಗಿಯಿತು. ಚೆರಿ 210 ಚೀಲ. ಕ್ಲೀನ್ 86. ಲಾಟ್ 47 ಪೂರ್ತಿ, 48 ಅರ್ಧ. ಮಧ್ಯಾಹ್ನ ಕರೆಂಟ್ ಹೋಗಿ ಒಂದು ಗಂಟೆ ನಿಂತಿತ್ತು. ಇಬ್ಬರು ರಜೆ.'

14ನೇ ತಾರೀಕು, ರಾತ್ರಿ 1.10: 'ಸರ್, 48 ಮುಗಿಸಿ 49 ಹಿಡಿದಿದ್ದೇವೆ. 160ರಷ್ಟು ಚೀಲ ಆಯಿತು. ಕ್ಲೀನ್ 77. ಬೆಲ್ಟ್ ತುಂಡಾಗಿ ನಿಂತಿತ್ತು, ಹಾಕಿದೆವು. ಚೆರಿ ಸ್ವಲ್ಪ ಹಸಿ ಇದೆ.'

ಓದಿದರೆ ಎಲ್ಲ ಸರಿಯಾಗಿಯೇ ಇದೆ. ಒಟ್ಟು 370 ಚೀಲ ಚೆರಿ, 163 ಚೀಲ ಕ್ಲೀನ್, ಒಂದು ಸಲ ಕರೆಂಟ್, ಒಂದು ಸಲ ಬೆಲ್ಟ್. ಐದು ನಿಮಿಷದಲ್ಲಿ ವರದಿ ಮುಗಿಯಿತು ಎನಿಸುತ್ತದೆ. ಈಗ ಹಂತಹಂತವಾಗಿ ನೋಡಿ.

ಹಂತ 1: ಸಂದೇಶವನ್ನು ಇದ್ದ ಹಾಗೆಯೇ ನಕಲಿಸಿ, ಪಾಳಿಯ ದಿನ ಗುರುತಿಸಿ

ಸ್ಪ್ರೆಡ್‌ಶೀಟ್‌ನಲ್ಲಿ ಒಂದು ಹಾಳೆಯನ್ನು ಮೂಲ ಸಂದೇಶಗಳಿಗೇ ಮೀಸಲಿಡಿ. ಬಂದ ಸಮಯ, ಕಳುಹಿಸಿದವರು, ಸಂದೇಶದ ಪೂರ್ಣ ಪಠ್ಯ ಇಷ್ಟು ಸಾಕು. ಅಕ್ಷರ ತಪ್ಪಿದ್ದರೂ ತಿದ್ದಬೇಡಿ. ವಾಟ್ಸಾಪ್‌ನಲ್ಲಿ ಕಳುಹಿಸಿದವರು ಸಂದೇಶವನ್ನು ಅಳಿಸಬಹುದು, ಕಳುಹಿಸಿದ ಸ್ವಲ್ಪ ಹೊತ್ತಿನವರೆಗೆ ತಿದ್ದಲೂಬಹುದು. ತಿಂಗಳ ನಂತರ ತಕರಾರು ಬಂದಾಗ ನಿಮ್ಮ ಹಾಳೆಯೊಂದೇ ಆಧಾರ. ಧ್ವನಿ ಸಂದೇಶವಾಗಿದ್ದರೆ ಕೇಳಿ ಬರೆದು, 'ಧ್ವನಿಯಿಂದ ಬರೆದದ್ದು' ಎಂದು ಗುರುತು ಹಾಕಿ.

ಇನ್ನು ತಾರೀಕು. ಎರಡನೆಯ ಸಂದೇಶ ಬಂದದ್ದು 14ರಂದು, ಕೆಲಸ ಆದದ್ದು 13ರ ಪಾಳಿಯಲ್ಲಿ. ಮೊಬೈಲ್ ತೋರಿಸಿದ ತಾರೀಕನ್ನೇ ಹಾಕಿದರೆ 13ರ ರಾತ್ರಿ ಪಾಳಿಯ ಉತ್ಪಾದನೆ 14ರ ಲೆಕ್ಕಕ್ಕೆ ಹೋಗುತ್ತದೆ. ಬೆಳಿಗ್ಗೆ 8ರಿಂದ ಮರುದಿನ ಬೆಳಿಗ್ಗೆ 8ರವರೆಗೆ ಒಂದು ಉತ್ಪಾದನಾ ದಿನ ಎಂದು ಇಟ್ಟುಕೊಂಡರೆ ಲೆಕ್ಕ ಸುಲಭ. ಸಂದೇಶದ ತಾರೀಕು ಮತ್ತು ಸಮಯ A2 ಕೋಶದಲ್ಲಿದ್ದರೆ ಈ ಸೂತ್ರ ಹಾಕಿ, ಕೋಶವನ್ನು ತಾರೀಕಿನ ಮಾದರಿಗೆ ಬದಲಿಸಿಕೊಳ್ಳಿ:

```
=INT(A2-TIME(8,0,0))
```

ಇದು ಸಮಯದಿಂದ ಎಂಟು ಗಂಟೆ ಹಿಂದಕ್ಕೆ ಹೋಗಿ ತಾರೀಕು ಕೊಡುತ್ತದೆ. 14ರ ರಾತ್ರಿ 1.10 ತಾನಾಗಿ 13ಕ್ಕೆ ಸೇರುತ್ತದೆ. ಒಂದು ಎಚ್ಚರಿಕೆ: ಸೂಪರ್‌ವೈಸರ್ ರಾತ್ರಿ ಮರೆತು ಬೆಳಿಗ್ಗೆ ಎಂಟೂವರೆಗೆ ಕಳುಹಿಸಿದರೆ ಸೂತ್ರ ಅದನ್ನು 14ಕ್ಕೆ ಹಾಕಿಬಿಡುತ್ತದೆ. ಮಳೆಗಾಲದಲ್ಲಿ, ನೆಟ್‌ವರ್ಕ್ ಇಲ್ಲದ ಕಡೆ ಮನೆ ಇದ್ದವರ ವಿಷಯದಲ್ಲಿ ಇದು ಆಗಾಗ ಆಗುತ್ತದೆ. ಆದ್ದರಿಂದ ಸಂದೇಶದ ಮೊದಲ ಪದ 'ಹಗಲು' ಅಥವಾ 'ರಾತ್ರಿ' ಆಗಿರಲಿ ಎಂದು ಕೇಳಿಕೊಳ್ಳಿ. ಸೂತ್ರ ಕೊಟ್ಟ ದಿನಕ್ಕೂ ಆ ಪದಕ್ಕೂ ತಾಳೆ ಇಲ್ಲದಿದ್ದರೆ ಕೈಯಿಂದ ಸರಿಪಡಿಸಿ.

ಹಂತ 2: ಚೀಲವನ್ನು ಕಿಲೋಗೆ ತನ್ನಿ

ಸೂಪರ್‌ವೈಸರ್ ಚೀಲದಲ್ಲಿ ಯೋಚಿಸುತ್ತಾರೆ. ಅವರ ಮುಂದೆ ಇರುವುದು ಚೀಲವೇ, ತಪ್ಪೇನಿಲ್ಲ. ಆದರೆ ಚೆರಿಯ ಚೀಲ 50 ಕಿಲೋ ಲೆಕ್ಕದ್ದು, ನಮ್ಮ ಉದಾಹರಣೆಯ ಘಟಕದಲ್ಲಿ ಕ್ಲೀನ್ ತುಂಬುವುದು 60 ಕಿಲೋ ಚೀಲಕ್ಕೆ. ಸಂದೇಶದಲ್ಲಿ ಎರಡಕ್ಕೂ ಒಂದೇ ಹೆಸರು. ಹೊಸಬರು 86 ಚೀಲವನ್ನು 210 ಚೀಲದಿಂದ ಭಾಗಿಸಿ, ಔಟ್‌ಟರ್ನ್ ಶೇಕಡಾ 41 ಎಂದು ಬರೆದು, ಮ್ಯಾನೇಜರ್ ಕುರ್ಚಿಯಿಂದ ಏಳುವಂತೆ ಮಾಡುತ್ತಾರೆ.

ಎರಡನೆಯ ಜಾಗ್ರತೆ: 50 ಕಿಲೋ ಚೀಲದಲ್ಲಿ 50 ಕಿಲೋ ಇರುತ್ತದೆ ಎಂದು ನಂಬಬೇಡಿ. ತೋಟದಲ್ಲಿ ಅಳತೆಗೆ ತುಂಬಿದ ಚೀಲ ಕಣದಿಂದ ಕಣಕ್ಕೆ ಬೇರೆಯಾಗಿರುತ್ತದೆ. ಕಾಟಾ ಪುಸ್ತಕದಿಂದ ಗೋಣಿಯ ತೂಕ ಕಳೆದ ನಿವ್ವಳ ತೂಕವನ್ನೇ ಎತ್ತಿಕೊಳ್ಳಿ. ನಮ್ಮ ಉದಾಹರಣೆಯಲ್ಲಿ ಹಗಲು ಪಾಳಿಯ 210 ಚೀಲಕ್ಕೆ ಪುಸ್ತಕದಲ್ಲಿರುವುದು 10,374 ಕಿಲೋ. 10,500 ಎಂದುಕೊಂಡಿದ್ದರೆ ಒಂದೇ ಪಾಳಿಯಲ್ಲಿ 126 ಕಿಲೋ ಇಲ್ಲದ ಚೆರಿಯನ್ನು ಲೆಕ್ಕಕ್ಕೆ ಸೇರಿಸಿದಂತಾಗುತ್ತಿತ್ತು.

ಹಂತ 3: ತಾಳೆ ನೋಡಿ

ಇಡೀ ಕೆಲಸದ ತಿರುಳು ಇಲ್ಲಿದೆ. ಸಮಯ ಕಡಿಮೆ ಇದ್ದರೆ ಬೇರೆ ಹಂತದಲ್ಲಿ ಉಳಿಸಿ, ಇಲ್ಲಿ ಬೇಡ.

ಮೊದಲು ಚೀಲಗಳ ಎಣಿಕೆ. 13ರ ಬೆಳಿಗ್ಗೆ ಹಲ್ಲರ್ ಪಕ್ಕದಲ್ಲಿ ಲಾಟ್ 47ರ 120 ಮತ್ತು ಲಾಟ್ 48ರ 160 ಚೀಲ ಇದ್ದವು. ಹಗಲು ಲಾಟ್ 49ರ 240 ಚೀಲ ಬಂದವು. ಒಟ್ಟು 520. ಸಂದೇಶದ ಪ್ರಕಾರ 370 ಹೊಡೆದಿದ್ದರೆ 150 ಉಳಿಯಬೇಕು. ಮರುದಿನ ಬೆಳಿಗ್ಗೆ ಗೋದಾಮಿನವರು ಎಣಿಸಿದಾಗ ಸಿಕ್ಕಿದ್ದು 142. ಎಂಟು ಚೀಲದ ವ್ಯತ್ಯಾಸ.

ಇಂಥ ವ್ಯತ್ಯಾಸ ಕಂಡ ತಕ್ಷಣ ಕಳವು ಎಂದು ಗಾಬರಿಯಾಗಬೇಡಿ. ಸಂದೇಶವನ್ನು ಮತ್ತೆ ಓದಿ. '160ರಷ್ಟು' ಎಂದಿದೆ. ಅದು ಎಣಿಕೆಯಲ್ಲ, ಅಂದಾಜು. ಕಾಟಾ ಪುಸ್ತಕ ತೆಗೆದರೆ ರಾತ್ರಿ ಪಾಳಿಯಲ್ಲಿ 168 ಚೀಲ, 8,316 ಕಿಲೋ ಎಂದು ಬರೆದಿದೆ. 210 ಮತ್ತು 168 ಸೇರಿ 378, ಉಳಿಕೆ 142. ಇದು ಕೂಡಿತು.

ಈಗ ಔಟ್‌ಟರ್ನ್. ಹಗಲು ಪಾಳಿಯಲ್ಲಿ 86 ಚೀಲ ಕ್ಲೀನ್, ಅಂದರೆ 5,160 ಕಿಲೋ. 10,374ಕ್ಕೆ ಹೋಲಿಸಿದರೆ ಶೇಕಡಾ 49.7. ಕಡಿಮೆಯೇ, ಆದರೂ ನಂಬಬಹುದು. ರಾತ್ರಿ 77 ಚೀಲ, 4,620 ಕಿಲೋ. 8,316ಕ್ಕೆ ಶೇಕಡಾ 55.6. ಅದೂ ಚೆರಿ ಹಸಿ ಇದ್ದ ರಾತ್ರಿ! ಒಂದು ಪಾಳಿ ಎಂದಿನ ಮಿತಿಗಿಂತ ಕೆಳಗೆ, ಅದರ ಹಿಂದೆಯೇ ಬಂದ ಪಾಳಿ ಮೇಲೆ. ಹೀಗೆ ಜೋಡಿಯಾಗಿ ತಪ್ಪಿದರೆ ಹೆಚ್ಚಾಗಿ ಒಂದು ಪಾಳಿಯ ಸರಕು ಇನ್ನೊಂದರ ಲೆಕ್ಕಕ್ಕೆ ಹೋಗಿರುತ್ತದೆ. ಹಲ್ಲರ್‌ನಿಂದ ಬಂದ ಕ್ಲೀನ್ ನೇರವಾಗಿ ಚೀಲಕ್ಕೆ ಬೀಳುವುದಿಲ್ಲ, ಮೊದಲು ತೊಟ್ಟಿಗೆ ಬೀಳುತ್ತದೆ. ಪಾಳಿ ಬದಲಾಗುವಾಗ ತೊಟ್ಟಿಯಲ್ಲಿ ಇದ್ದದ್ದನ್ನು ಮುಂದಿನ ಪಾಳಿಯವರು ತುಂಬಿ ತಮ್ಮ ಎಣಿಕೆಗೆ ಸೇರಿಸಿಕೊಳ್ಳುತ್ತಾರೆ. ಮೋಸದ ಉದ್ದೇಶ ಇರಬೇಕೆಂದಿಲ್ಲ. ತುಂಬಿದ್ದು ಅವರೇ ತಾನೇ.

ಇದನ್ನು ಊಹೆಯಿಂದ ಸರಿಪಡಿಸುವ ಹಕ್ಕು ನಿಮಗಿಲ್ಲ. ಮುಂದಿನ ಹಂತದಲ್ಲಿ ಕೇಳಬೇಕು.

ಔಟ್‌ಟರ್ನ್‌ಗೆ ಸೂತ್ರ ಇಷ್ಟೇ. B2ರಲ್ಲಿ ಚೆರಿಯ ಕಿಲೋ, C2ರಲ್ಲಿ ಕ್ಲೀನ್ ಕಿಲೋ:

```
=ROUND(C2/B2*100,1)
```

ಉತ್ತರ 50ಕ್ಕಿಂತ ಕೆಳಗೆ ಅಥವಾ 54ಕ್ಕಿಂತ ಮೇಲೆ ಹೋದರೆ ಕೋಶ ಕೆಂಪಾಗುವಂತೆ ಮಾಡಿಕೊಳ್ಳಿ. ಕೆಂಪು ಎಂದರೆ ತಪ್ಪು ಎಂದಲ್ಲ, ವಿಚಾರಿಸದೆ ಕಳುಹಿಸಬಾರದು ಎಂದಷ್ಟೇ. ಕರಿಗಾಳು, ಹುಳ ತಿಂದ ಕಾಳು ಹೆಚ್ಚಿರುವ ಲಾಟ್ ನಿಜವಾಗಿಯೂ ಕೆಳಗೆ ಹೋಗುತ್ತದೆ.

ಹಂತ 4: ಸೂಪರ್‌ವೈಸರರಿಗೆ ಒಂದೇ ಸಲ ಫೋನ್ ಮಾಡಿ

ರಾತ್ರಿ ಒಂದಕ್ಕೆ ಕೆಲಸ ಬಿಟ್ಟವರನ್ನು ಬೆಳಿಗ್ಗೆ ಏಳಕ್ಕೆ ಎಬ್ಬಿಸಬೇಡಿ. ಪ್ರಶ್ನೆಗಳನ್ನೆಲ್ಲ ಬರೆದಿಟ್ಟುಕೊಂಡು ಒಂಬತ್ತರ ಹೊತ್ತಿಗೆ ಒಂದೇ ಕರೆಯಲ್ಲಿ ಮುಗಿಸಿ. ಕೇಳುವ ರೀತಿಯೂ ಮುಖ್ಯ. 'ನಿಮ್ಮ ಲೆಕ್ಕ ತಪ್ಪಿದೆ' ಎಂದು ಶುರು ಮಾಡಿದರೆ ಮರುದಿನದಿಂದ ಸಂದೇಶ ಒಂದೇ ಸಾಲಿಗೆ ಇಳಿಯುತ್ತದೆ. ಹೀಗೆ ಕೇಳಿ:

'ಅಣ್ಣಾ, ನಿನ್ನೆ ಸಂಜೆ ನೀವು ಬಂದಾಗ ತೊಟ್ಟಿಯಲ್ಲಿ ಕ್ಲೀನ್ ಎಷ್ಟು ಉಳಿದಿತ್ತು?'

'ಐದು ಚೀಲದಷ್ಟು ಇತ್ತು. ಬಂದ ಕೂಡಲೇ ತುಂಬಿಸಿದೆವು.'

'ಅಂದಾಜೋ, ತುಂಬಿದ್ದನ್ನು ಎಣಿಸಿದ್ದೋ?'

'ತುಂಬಿ ಎಣಿಸಿದ್ದೇ. ಐದು ಸರಿಯಾಗಿ.'

'ರಾತ್ರಿ ಬಿಡುವಾಗ ತೊಟ್ಟಿ ಖಾಲಿಯೇ?'

'ಖಾಲಿ ಮಾಡಿಯೇ ಹೋದೆವು.'

ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. 'ಐದು ಚೀಲದಷ್ಟು' ಎಂಬುದನ್ನು ಹಾಗೆಯೇ ಒಪ್ಪಿಕೊಂಡಿದ್ದರೆ '160ರಷ್ಟು' ಎಂಬ ತಪ್ಪೇ ಮತ್ತೆ ಆಗುತ್ತಿತ್ತು. ಈಗ ಹಗಲು ಪಾಳಿಗೆ 91 ಚೀಲ, 5,460 ಕಿಲೋ, ಶೇಕಡಾ 52.6. ರಾತ್ರಿಗೆ 72 ಚೀಲ, 4,320 ಕಿಲೋ, ಶೇಕಡಾ 51.9. ಎರಡೂ ಮಿತಿಯೊಳಗೆ ಬಂದವು. ದಿನದ ಒಟ್ಟು ಕ್ಲೀನ್ 163 ಚೀಲ, ಅದು ಬದಲಾಗಲಿಲ್ಲ. ಬದಲಾದದ್ದು ಯಾರ ಪಾಲಿಗೆ ಎಷ್ಟು ಎಂಬುದು ಮಾತ್ರ. ಪಾಳಿವಾರು ಪ್ರೋತ್ಸಾಹಧನ ಇರುವ ಕಡೆ ಅದು ಸಣ್ಣ ವಿಷಯವಲ್ಲ.

ಐದು ಚೀಲ ಯಾವ ಲಾಟಿನದು ಎಂದೂ ಅದೇ ಕರೆಯಲ್ಲಿ ಕೇಳಿ. ಇಲ್ಲಿ 47 ಮಧ್ಯಾಹ್ನವೇ ಮುಗಿದು ತೊಟ್ಟಿ ಖಾಲಿಯಾಗಿದ್ದರಿಂದ ಅದು 48ರದ್ದೇ. ಲಾಟ್ ಬದಲಾಗುವಾಗ ತೊಟ್ಟಿ ಖಾಲಿ ಮಾಡಲಿಲ್ಲ ಎಂಬ ಉತ್ತರ ಬಂದರೆ ವರದಿಯನ್ನು ಅಲ್ಲಿಗೇ ನಿಲ್ಲಿಸಿ, ಮ್ಯಾನೇಜರ್‌ಗೆ ನೇರವಾಗಿ ತಿಳಿಸಿ. ಇಬ್ಬರು ಬೆಳೆಗಾರರ ಕಾಫಿ ಬೆರೆತಿದೆ ಎಂದು ಅದರ ಅರ್ಥ, ಬೆರೆತದ್ದನ್ನು ಕಾಗದದ ಮೇಲೆ ಬೇರ್ಪಡಿಸಲು ಬರುವುದಿಲ್ಲ.

ಹಂತ 5: ನಿಂತ ಸಮಯವನ್ನು ನಿಮಿಷಕ್ಕೆ ತನ್ನಿ

'ಒಂದು ಗಂಟೆ ನಿಂತಿತ್ತು' ಎಂಬುದನ್ನು ವರದಿಗೆ ಹಾಗೆಯೇ ಹಾಕಬೇಡಿ. ಎಷ್ಟಕ್ಕೆ ನಿಂತಿತು, ಎಷ್ಟಕ್ಕೆ ಓಡಿತು ಎಂದು ಕೇಳಿ. ಹಗಲು ಪಾಳಿಯ ಸೂಪರ್‌ವೈಸರ್ ಹೇಳಿದ್ದು: 12.10ಕ್ಕೆ ಕರೆಂಟ್ ಹೋಯಿತು, 1.15ಕ್ಕೆ ಬಂತು. 65 ನಿಮಿಷ. ಆದರೆ 12.30ರಿಂದ 1ರವರೆಗೆ ಊಟದ ಬಿಡುವು, ಆಗ ಕರೆಂಟ್ ಇದ್ದರೂ ಹಲ್ಲರ್ ಓಡುತ್ತಿರಲಿಲ್ಲ. ನಷ್ಟವಾದದ್ದು 35 ನಿಮಿಷ. ರಾತ್ರಿ ಬೆಲ್ಟ್ ತುಂಡಾದದ್ದು 7.50ಕ್ಕೆ, ಮತ್ತೆ ಓಡಿದ್ದು 8.35ಕ್ಕೆ. ಊಟ ಒಂಬತ್ತಕ್ಕೆ, ಆದ್ದರಿಂದ 45 ನಿಮಿಷವೂ ನಷ್ಟವೇ.

ಹೊರಗಿನ ಕಾರಣ ಮತ್ತು ಒಳಗಿನ ಕಾರಣಗಳನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕರೆಂಟಿಗೆ ಮ್ಯಾನೇಜರ್ ಮಾಡಬೇಕಾದ ಕೆಲಸ ಒಂದು, ಬೆಲ್ಟಿಗೆ ಇನ್ನೊಂದು. ಎರಡನ್ನೂ ಕೂಡಿಸಿ 'ಒಟ್ಟು 80 ನಿಮಿಷ ಸ್ಥಗಿತ' ಎಂದರೆ ಎರಡೂ ಮರೆಯಾಗುತ್ತವೆ.

ಹಂತ 6: ಸಂದೇಶದ ಬಾಲದಲ್ಲಿರುವ ಸುದ್ದಿಯನ್ನು ಹುಡುಕಿ

ಸೂಪರ್‌ವೈಸರ್ ಕೆಲಸ ನಡೆದ ಕ್ರಮದಲ್ಲಿ ಬರೆಯುತ್ತಾರೆ, ಮಹತ್ವದ ಕ್ರಮದಲ್ಲಲ್ಲ. 'ಚೆರಿ ಸ್ವಲ್ಪ ಹಸಿ ಇದೆ' ಎಂಬುದು ಕೊನೆಯ ಸಾಲು. ಬೆಲ್ಟ್ ತುಂಡಾದದ್ದು ಅದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಲೆಕ್ಕ ಏನನ್ನುತ್ತದೆ ನೋಡೋಣ.

ಹಗಲು ಪಾಳಿ ಓಡಿದ್ದು 7 ಗಂಟೆ 25 ನಿಮಿಷ, ಹೊಡೆದದ್ದು ಗಂಟೆಗೆ ಸುಮಾರು 1,400 ಕಿಲೋ. ರಾತ್ರಿ ಓಡಿದ್ದು 7 ಗಂಟೆ 15 ನಿಮಿಷ, ಗಂಟೆಗೆ ಸುಮಾರು 1,150 ಕಿಲೋ. ಎರಡೂ ಪಾಳಿ ಓಡಿದ ಹೊತ್ತಿನಲ್ಲಿ ವ್ಯತ್ಯಾಸ ಹತ್ತೇ ನಿಮಿಷ. ಹಗಲಿನ ವೇಗದಲ್ಲಿ ಹತ್ತು ನಿಮಿಷಕ್ಕೆ ಐದು ಚೀಲ ಹೊಡೆಯಬಹುದು. ಆದರೆ ರಾತ್ರಿ ಕಡಿಮೆಯಾದದ್ದು 42 ಚೀಲ. ಉಳಿದ 37 ಚೀಲಕ್ಕೆ ಬೆಲ್ಟ್ ಕಾರಣವಲ್ಲ, ಯಂತ್ರ ಓಡುತ್ತಿದ್ದಾಗಲೇ ನಿಧಾನವಾಗಿತ್ತು.

ಯಾವಾಗಿನಿಂದ ನಿಧಾನ ಎಂದು ಕೇಳಿದರೆ, ಏಳರ ಸುಮಾರಿಗೆ 48 ಮುಗಿದು 49 ಬಿದ್ದ ಮೇಲೆ ಎಂದರು. ತೇವಾಂಶದ ದಾಖಲೆಯಲ್ಲಿ ಲಾಟ್ 49ಕ್ಕೆ ಶೇಕಡಾ 12.4 ಎಂದಿದೆ. ರೊಬಸ್ಟಾ ಚೆರಿ ಶೇಕಡಾ 11ರ ಮಟ್ಟಕ್ಕೆ ಒಣಗಿರಬೇಕು. ಹಸಿ ಚೆರಿಯ ಸಿಪ್ಪೆ ಗರಿಗರಿಯಾಗಿ ಒಡೆಯದೆ ನಾರಿನಂತೆ ಬಾಗುತ್ತದೆ. ಜಾಲರಿ ಕಟ್ಟಿಕೊಳ್ಳುತ್ತದೆ, ಒಡೆಯದ ಕಾಯಿ ಮತ್ತೆ ಹಲ್ಲರ್‌ಗೆ ಹೋಗಬೇಕಾಗುತ್ತದೆ, ಬೀಜದ ಮೇಲೆ ಒತ್ತಿದ ಗುರುತು ಬೀಳುತ್ತದೆ. ಬಂದ ಕ್ಲೀನ್ ಕೂಡ ಮುಂದೆ ಒಣಗಿ ತೂಕ ಕಳೆದುಕೊಳ್ಳುತ್ತದೆ, ಹಾಗಾಗಿ ಇಂದು ಕಂಡ ಔಟ್‌ಟರ್ನ್ ಮುಂದೆ ಸ್ವಲ್ಪ ಇಳಿಯುತ್ತದೆ.

ಇದೇ ದಿನದ ಮುಖ್ಯ ಸುದ್ದಿ. ಲಾಟ್ 49ರ 142 ಚೀಲ ಇನ್ನೂ ಹಲ್ಲರ್ ಪಕ್ಕದಲ್ಲೇ ಕಾದಿವೆ. ಹಗಲು ಪಾಳಿ ಅವನ್ನು ಹಾಕುವ ಮೊದಲು ಕಣಕ್ಕೆ ಹಿಂತಿರುಗಿಸಬೇಕೇ ಎಂದು ಮ್ಯಾನೇಜರ್ ತೀರ್ಮಾನಿಸಬೇಕು. ಸರಿಯಾಗಿ ಓದಿದವರು ಇದಕ್ಕಾಗಿ ಹತ್ತು ಗಂಟೆಯ ವರದಿಗೆ ಕಾಯುವುದಿಲ್ಲ, ಎಂಟಕ್ಕೇ ಮ್ಯಾನೇಜರ್‌ಗೆ ಫೋನ್ ಮಾಡುತ್ತಾರೆ.

ಇಲ್ಲೊಂದು ಬಲೆ ಇದೆ. ಹಸಿ ಚೆರಿ ಬಿದ್ದಿತು, ಐವತ್ತು ನಿಮಿಷದ ಮೇಲೆ ಬೆಲ್ಟ್ ತುಂಡಾಯಿತು. 'ಹಸಿ ಚೆರಿಯ ಹೊರೆಯಿಂದ ಬೆಲ್ಟ್ ತುಂಡಾಯಿತು' ಎಂದು ಬರೆಯಲು ಕೈ ತುರಿಸುತ್ತದೆ. ಹಾಗಿರಲೂಬಹುದು, ಬೆಲ್ಟ್ ಹಳೆಯದಾಗಿರಲೂಬಹುದು. ಮೆಕ್ಯಾನಿಕ್ ನೋಡಿ ಹೇಳುವವರೆಗೆ ಎರಡನ್ನೂ ಸಮಯದೊಂದಿಗೆ ಬರೆಯಿರಿ, ಜೋಡಿಸಬೇಡಿ.

ಹಂತ 7: ಬರೆಯಿರಿ

ಒಂದು ಪುಟ ಮೀರಬಾರದು. ಮೇಲಿನಿಂದ ಕೆಳಕ್ಕೆ ಕ್ರಮ ಹೀಗಿರಲಿ: ತೀರ್ಮಾನ ಬೇಕಾದ ವಿಷಯ, ತೂಕದ ಲೆಕ್ಕ, ಸ್ಥಗಿತ, ಖಚಿತವಾಗದೆ ಉಳಿದದ್ದು. ನಮ್ಮ ಉದಾಹರಣೆ ಹೀಗಾಗುತ್ತದೆ.

ಹಲ್ಲಿಂಗ್ ವಿಭಾಗ, 13 ಫೆಬ್ರವರಿ (ಬೆಳಿಗ್ಗೆ 8ರಿಂದ ರಾತ್ರಿ 1)

ತೀರ್ಮಾನಕ್ಕೆ: ಲಾಟ್ 49ರ ತೇವಾಂಶ ಶೇ. 12.4. ಇದನ್ನು ಹಾಕಿದ ಮೇಲೆ ಹಲ್ಲರ್ ನಿಧಾನವಾಗಿದೆ. 240 ಚೀಲದಲ್ಲಿ 98 ಆಗಿದೆ, 142 ಉಳಿದಿದೆ. ಕಣಕ್ಕೆ ಹಿಂತಿರುಗಿಸಬೇಕೇ?

ಹಗಲು: ಚೆರಿ 210 ಚೀಲ, 10,374 ಕಿಲೋ. ಕ್ಲೀನ್ 5,460 ಕಿಲೋ. ಔಟ್‌ಟರ್ನ್ ಶೇ. 52.6.
ರಾತ್ರಿ: ಚೆರಿ 168 ಚೀಲ, 8,316 ಕಿಲೋ. ಕ್ಲೀನ್ 4,320 ಕಿಲೋ. ಔಟ್‌ಟರ್ನ್ ಶೇ. 51.9.
ದಿನದ ಒಟ್ಟು: ಚೆರಿ 18,690 ಕಿಲೋ. ಕ್ಲೀನ್ 9,780 ಕಿಲೋ. ಔಟ್‌ಟರ್ನ್ ಶೇ. 52.3.
ಹೊಟ್ಟು (ತೂಗಿದ್ದು): 8,640 ಕಿಲೋ. ಧೂಳು ಮತ್ತು ಒಣಗಿಕೆ: 270 ಕಿಲೋ, ಶೇ. 1.4.
ಲಾಟ್ 47, 48 ಪೂರ್ಣ. 49 ಅಪೂರ್ಣ.

ಸ್ಥಗಿತ: ವಿದ್ಯುತ್ ಇಲ್ಲದೆ 35 ನಿಮಿಷ (ಹಗಲು, ಊಟದ ಬಿಡುವು ಕಳೆದು). ಬೆಲ್ಟ್ ತುಂಡಾಗಿ 45 ನಿಮಿಷ (ರಾತ್ರಿ 7.50ರಿಂದ 8.35).

ಟಿಪ್ಪಣಿ: ಹಗಲು ಪಾಳಿಯ 5 ಚೀಲ ಕ್ಲೀನ್ ರಾತ್ರಿ ತುಂಬಲಾಗಿತ್ತು, ಹಗಲಿನ ಲೆಕ್ಕಕ್ಕೆ ಸೇರಿಸಲಾಗಿದೆ (ಸೂಪರ್‌ವೈಸರ್ ಫೋನಿನಲ್ಲಿ ತಿಳಿಸಿದಂತೆ). ರಾತ್ರಿಯ ಚೆರಿ ಸಂದೇಶದಲ್ಲಿ 160 ಅಂದಾಜು, ಕಾಟಾ ಪುಸ್ತಕದಲ್ಲಿ 168, ಬೆಳಗಿನ ಎಣಿಕೆಗೆ ತಾಳೆಯಾಗಿದೆ. ಬೆಲ್ಟ್ ತುಂಡಾಗಲು ಕಾರಣ ಇನ್ನೂ ಗೊತ್ತಾಗಿಲ್ಲ.

ಈ ವರದಿಯಲ್ಲಿ ಕೆಲವನ್ನು ಬೇಕೆಂದೇ ಬಿಟ್ಟಿದ್ದೇನೆ. ಲಾಟ್ 49ರ ಔಟ್‌ಟರ್ನ್ ಇಲ್ಲ, ಏಕೆಂದರೆ ಅರ್ಧ ಲಾಟಿನ ಔಟ್‌ಟರ್ನ್ ಬೆಳೆಗಾರರ ಕಿವಿಗೆ ಬಿದ್ದರೆ ಅದೇ ಅಂತಿಮವೆಂದು ಹಿಡಿದು ಕೂರುತ್ತಾರೆ. ರಜೆ ಹಾಕಿದ ಇಬ್ಬರ ವಿಷಯ ಹಾಜರಿ ಪುಸ್ತಕಕ್ಕೆ ಸೇರಿದ್ದು, ಅವರ ಗೈರಿನಿಂದ ಹಲ್ಲರ್ ನಿಲ್ಲಲಿಲ್ಲ. ನಿಂತಿದ್ದರೆ ಸ್ಥಗಿತದ ಸಾಲಿಗೆ ಬರುತ್ತಿತ್ತು, ಆಗಲೂ ಹೆಸರಿಲ್ಲದೆ.

270 ಕಿಲೋ ಕೊರತೆಯ ಬಗ್ಗೆ ಒಂದು ಮಾತು. ಹಲ್ಲಿಂಗ್‌ನಲ್ಲಿ ಧೂಳು ಹಾರುತ್ತದೆ, ಯಂತ್ರದ ಬಿಸಿಗೆ ತೇವ ಆರುತ್ತದೆ, ಹಾಗಾಗಿ ಸೊನ್ನೆ ಬರುವುದಿಲ್ಲ. ದಿನವೂ ಸೊನ್ನೆಗೇ ಕೂಡಿಬರುತ್ತಿದ್ದರೆ ಅನುಮಾನ ಪಡಿ. ಯಾರೋ ಹೊಟ್ಟನ್ನು ತೂಗದೆ, ಕಳೆದು ಬಂದ ಅಂಕಿಯನ್ನೇ ಬರೆಯುತ್ತಿದ್ದಾರೆ ಎಂದು ಅರ್ಥ. ನಿಮ್ಮ ಘಟಕದಲ್ಲಿ ಎಂದಿನ ಪ್ರಮಾಣ ಎಷ್ಟೆಂದು ಒಂದು ತಿಂಗಳ ವರದಿಗಳಿಂದ ಗೊತ್ತಾಗುತ್ತದೆ. ಒಂದು ದಿನ ಅದು ದುಪ್ಪಟ್ಟಾದರೆ ಕಾಟಾ, ತೊಟ್ಟಿ, ಗೋದಾಮಿನ ಬಾಗಿಲು ಈ ಕ್ರಮದಲ್ಲಿ ನೋಡುತ್ತಾ ಹೋಗಿ.

ಹಂತ 8: ಕಳುಹಿಸಿದ ಮೇಲೆ

ಮಧ್ಯಾಹ್ನದ ಹೊತ್ತಿಗೆ 'ತೊಟ್ಟಿಯಲ್ಲಿ ಇದ್ದದ್ದು ಐದಲ್ಲ, ನಾಲ್ಕು' ಎಂದು ತಿಳಿಯಿತು ಎನ್ನಿ. ಹಳೆಯ ವರದಿಯ ಕಡತವನ್ನು ತೆರೆದು ಅಂಕಿ ಬದಲಿಸಬೇಡಿ. ಮ್ಯಾನೇಜರ್ ಬಳಿ ಒಂದು ಪ್ರತಿ, ನಿಮ್ಮ ಬಳಿ ಇನ್ನೊಂದು, ಎರಡರಲ್ಲೂ ಒಂದೇ ತಾರೀಕು, ಬೇರೆ ಅಂಕಿ ಎಂಬ ಸ್ಥಿತಿ ಬರುತ್ತದೆ. ಮರುದಿನದ ವರದಿಯ ಕೆಳಗೆ '13ರ ವರದಿಗೆ ತಿದ್ದುಪಡಿ' ಎಂದು ಒಂದು ಸಾಲು ಸೇರಿಸಿ: ಹಗಲು 90 ಚೀಲ, ರಾತ್ರಿ 73, ದಿನದ ಒಟ್ಟು ಬದಲಾಗಿಲ್ಲ.

ಸೂಪರ್‌ವೈಸರರಿಗೂ ಆ ದಿನದ ವರದಿಯ ಪ್ರತಿ ಕಳುಹಿಸಿ. ತಮ್ಮ ನಾಲ್ಕು ಸಾಲು ಏನಾಯಿತು ಎಂದು ನೋಡಿದವರು ಕೆಲವೇ ದಿನಗಳಲ್ಲಿ ತಾವಾಗಿಯೇ ನಿಂತ ಸಮಯವನ್ನು ಗಡಿಯಾರ ನೋಡಿ ಬರೆಯತೊಡಗುತ್ತಾರೆ. ಇಪ್ಪತ್ತು ಕಾಲಮ್ಮಿನ ಫಾರಂ ಕೊಟ್ಟು ತುಂಬಿಸಿ ಎನ್ನುವ ಕಚೇರಿಗಳಿವೆ. ಮೈಕೈಯೆಲ್ಲ ಹೊಟ್ಟಿನ ಧೂಳು ಮೆತ್ತಿಕೊಂಡು ರಾತ್ರಿ ಒಂದಕ್ಕೆ ಫಾರಂ ತುಂಬಿದವರು ಬರೆಯುವ ಅಂಕಿಗಳು ಎಂಥವೆಂದು ಊಹಿಸಿಕೊಳ್ಳಿ. ನಾಲ್ಕೇ ವಿಷಯ ಕೇಳಿ: ಯಾವ ಪಾಳಿ, ಲಾಟ್‌ವಾರು ಎಷ್ಟು ಚೀಲ ಹಾಕಿದ್ದು, ಪಾಳಿ ಬಿಡುವಾಗ ತೊಟ್ಟಿಯಲ್ಲಿ ಎಷ್ಟು ಉಳಿದದ್ದು, ನಿಂತದ್ದು ಎಷ್ಟರಿಂದ ಎಷ್ಟರವರೆಗೆ. ಉಳಿದದ್ದನ್ನು ಅವರಿಗೆ ತೋಚಿದಂತೆ ಬರೆಯಲು ಬಿಡಿ. 'ಚೆರಿ ಸ್ವಲ್ಪ ಹಸಿ ಇದೆ' ಎಂಬ ಸಾಲಿಗೆ ಯಾವ ಫಾರಂನಲ್ಲೂ ಕಾಲಮ್ಮು ಇರುವುದಿಲ್ಲ.